P1 ಕಾದದ್ದು ಸೊನ್ನೆಯೇ?

ಪ್ರಶ್ನೆ: ಸಿಪಿಯು ಶೆಡ್ಯೂಲಿಂಗ್ ಲೆಕ್ಕದಲ್ಲಿ ಗ್ಯಾಂಟ್ ಚಾರ್ಟ್ ಸರಿಯಿದ್ದರೂ ಸರಾಸರಿ ಕಾಯುವ ಸಮಯ ತಪ್ಪಾಗುತ್ತದೆ. ಏಕೆ?

ಉತ್ತರ: ಬಹುಶಃ ಶುರುವಾದ ಹೊತ್ತಿನಿಂದ ಬಂದ ಹೊತ್ತನ್ನು ಕಳೆದು ಸುಮ್ಮನಾಗುತ್ತಿದ್ದೀರಿ. ಮಧ್ಯೆ ತಡೆಯದ ಎಫ್‌ಸಿಎಫ್‌ಎಸ್‌ಗೆ ಅದು ಸಾಕು, ಎಸ್‌ಆರ್‌ಟಿಎಫ್‌ಗೆ ಸಾಲದು. P1, P2, P3 ಕ್ರಮವಾಗಿ 0, 2, 4ಕ್ಕೆ ಬರುತ್ತವೆ, ಬೇಕಾದ ಸಿಪಿಯು ಸಮಯ 7, 3, 4 ಎನ್ನಿ. 2ಕ್ಕೆ P1ಗೆ ಇನ್ನೂ 5 ಬಾಕಿ. ಹಾಗಾಗಿ P2 ನಡುವೆ ನುಗ್ಗಿ 5ಕ್ಕೆ ಮುಗಿಸುತ್ತದೆ. ಆಮೇಲೆ P3 9ರವರೆಗೆ, ಕೊನೆಗೆ P1 14ರವರೆಗೆ ಓಡುತ್ತವೆ. P1 ಶುರುವಾದದ್ದು 0ಕ್ಕೇ, ಆದರೆ ಕಾದದ್ದು ಸೊನ್ನೆಯಲ್ಲ. ಮುಗಿದ ಹೊತ್ತಿನಿಂದ ಬಂದ ಹೊತ್ತನ್ನೂ ಓಡಿದ ಸಮಯವನ್ನೂ ಕಳೆಯಿರಿ: P1ಗೆ 7, P2ಗೆ 0, P3ಗೆ 1. ಸರಾಸರಿ 8/3, ಅಂದರೆ ಸುಮಾರು 2.67. ಎಫ್‌ಸಿಎಫ್‌ಎಸ್‌ಗೂ ಇದೇ ಸೂತ್ರ ನಡೆಯುತ್ತದೆ, ಇದೊಂದನ್ನೇ ನೆನಪಿಡಿ.