ನೀರು ಬೆರೆಸಿದಷ್ಟೂ ಬಿಡಿಸಿಕೊಳ್ಳುವ ಆಮ್ಲ

ಸಿಂಗಟಗೆರೆ ಹೋಬಳಿಯ ಜನಕ್ಕೆ ಕೊಳವೆಬಾವಿಯ ಗಡಸು ನೀರು ಹೊಸದಲ್ಲ. ಕಡೂರಿನ ಬಯಲಿನ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದ ಮೇಲೆ ‘ಟಿಡಿಎಸ್ ಎಷ್ಟಿದೆ’ ಎಂಬ ಪ್ರಶ್ನೆಯೂ ಬಳಕೆಗೆ ಬಂದಿದೆ. ನೀರಿಗೆ ಅದ್ದಿದರೆ ಅಂಕಿ ತೋರಿಸುವ ಪೆನ್ನಿನಾಕಾರದ ಆ ಮೀಟರ್ ನೀರಿನಲ್ಲಿರುವ ಲವಣವನ್ನು ತೂಗಿ ನೋಡುವುದಿಲ್ಲ. ನೀರು ಎಷ್ಟು ಸಲೀಸಾಗಿ ವಿದ್ಯುತ್ ಹರಿಯಗೊಡುತ್ತದೆ ಎಂದು ಅಳೆದು, ಅದನ್ನು ಒಂದು ಗುಣಕದಿಂದ ಗುಣಿಸಿ ಟಿಡಿಎಸ್ ಎಂದು ತೋರಿಸುತ್ತದೆ, ಅಷ್ಟೆ. ಪಿಯುಸಿ ರಸಾಯನಶಾಸ್ತ್ರದಲ್ಲಿ ಬಾಯಿಪಾಠ ಮಾಡಿಸುವ ಒಂದು ಮಾತು ಹುಟ್ಟಿದ್ದೇ ಈ ಬಗೆಯ ಅಳತೆಯಿಂದ: ದುರ್ಬಲ ಆಮ್ಲಕ್ಕೆ ನೀರು ಬೆರೆಸುತ್ತ ಹೋದಂತೆ ಅದರ ಅಯಾನೀಕರಣದ ಶೇಕಡಾವಾರು ಏರುತ್ತದೆ.

ಇದನ್ನು ಆ ಪೆನ್ನಿನಿಂದಲೇ ಕಾಣಬಹುದು. ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್‌ನಲ್ಲಿ 4% ಅಸಿಟಿಕ್ ಆಮ್ಲವಿದೆ ಎಂದುಕೊಳ್ಳಿ. ಅಂದರೆ ಲೀಟರಿಗೆ 40 ಗ್ರಾಂ, ಮೋಲ್ ಲೆಕ್ಕದಲ್ಲಿ ಸುಮಾರು 0.67. ಅದರಲ್ಲಿ 150 ಮಿಲಿಲೀಟರ್ ತೆಗೆದುಕೊಂಡು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸೇರಿಸಿ ಒಂದು ಲೀಟರ್ ಮಾಡಿದರೆ ಲೀಟರಿಗೆ 0.1 ಮೋಲ್ ಇರುವ ದ್ರಾವಣ ಸಿಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ವಾಹಕತೆ ಸೆಂಟಿಮೀಟರಿಗೆ ಸುಮಾರು 520 ಮೈಕ್ರೋಸೀಮೆನ್ಸ್. ಈಗ ಇದರಲ್ಲಿ 100 ಮಿಲಿಲೀಟರನ್ನು ಮತ್ತೆ ಒಂದು ಲೀಟರಿಗೆ ಏರಿಸಿ. ಆಮ್ಲ ಹತ್ತರಲ್ಲಿ ಒಂದು ಪಾಲಾಯಿತು, ವಾಹಕತೆಯೂ 52ಕ್ಕೆ ಇಳಿಯಬೇಕು ಎನಿಸುತ್ತದೆ. ಇಳಿಯುವುದು 162ಕ್ಕೆ ಮಾತ್ರ. ಇನ್ನೊಮ್ಮೆ ಹತ್ತು ಪಟ್ಟು ತೆಳು ಮಾಡಿದರೆ 49. ಆಮ್ಲ ನೂರು ಪಟ್ಟು ತೆಳುವಾದರೂ ವಾಹಕತೆ ಇಳಿದದ್ದು ಹನ್ನೊಂದು ಪಟ್ಟಿಗಿಂತ ಕಡಿಮೆ. ಪೆನ್ನು ಟಿಡಿಎಸ್ ಅನ್ನೇ ತೋರಿಸುವಂಥದ್ದಾದರೆ ಅಂಕಿಗಳು ಇದರ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಇರುತ್ತವೆ. ಆದರೆ ಒಂದಕ್ಕೊಂದರ ಅನುಪಾತ ಬದಲಾಗುವುದಿಲ್ಲ, ನಮಗೆ ಬೇಕಾದದ್ದು ಅದೇ.

ಪಕ್ಕದಲ್ಲಿ ಅಡುಗೆ ಉಪ್ಪಿನ ನೀರನ್ನೂ ಇಟ್ಟು ನೋಡಿ. ಲೀಟರಿಗೆ 0.58 ಗ್ರಾಂ ಉಪ್ಪು ಹಾಕಿದರೆ ಸುಮಾರು 1,185; ಹತ್ತು ಪಟ್ಟು ತೆಳು ಮಾಡಿದರೆ 124. ಉಪ್ಪಿನ ವಾಹಕತೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದಕ್ಕೆ ಇಳಿಯಿತು. ವಿನೆಗರ್ ಹಾಗೆ ಇಳಿಯಲಿಲ್ಲ. ಯಾಕೆ?

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪಿನ ಪ್ರಯೋಗಾಲಯಗಳು ತಲೆ ಕೆಡಿಸಿಕೊಂಡದ್ದು ಇದಕ್ಕೇ. ಅದಕ್ಕೂ ಮೊದಲು ಅಳತೆಯೇ ದೊಡ್ಡ ತೊಡಕಾಗಿತ್ತು. ದ್ರಾವಣಕ್ಕೆ ನೇರ ವಿದ್ಯುತ್ ಹರಿಸಿದರೆ ಲೋಹದ ಪಟ್ಟಿಗಳ ಮೇಲೆ ಅನಿಲವೋ ಮತ್ತೊಂದೋ ಕೂತು ಅಳತೆ ಕೆಡುತ್ತಿತ್ತು. ಜರ್ಮನಿಯ ಫ್ರೀಡ್ರಿಕ್ ಕೋಲ್‌ರೌಷ್ ಪರ್ಯಾಯ ವಿದ್ಯುತ್ ಬಳಸಿದರು. ಸೇತುವೆ ಮಂಡಲ ಸಮತೋಲಕ್ಕೆ ಬಂದ ಕ್ಷಣವನ್ನು ಟೆಲಿಫೋನಿನ ಸದ್ದು ಅಡಗುವುದರಿಂದ ಗುರುತಿಸಿದರು. ಅದಕ್ಕಿಂತ ಮುಖ್ಯವಾದ ಇನ್ನೊಂದನ್ನೂ ಅವರು ಕಂಡರು: ಬಹಳ ತೆಳುವಾದ ದ್ರಾವಣದಲ್ಲಿ ಪ್ರತಿ ಅಯಾನೂ ತನ್ನ ಪಾಡಿಗೆ ತಾನು ಚಲಿಸುತ್ತದೆ, ಜೊತೆಗಾರ ಯಾರೆಂಬುದು ಲೆಕ್ಕಕ್ಕಿಲ್ಲ. ಹೀಗಾಗಿ ಅಸಿಟಿಕ್ ಆಮ್ಲದ ಅಣುಗಳೆಲ್ಲ ಬಿಡಿಸಿಕೊಂಡರೆ ವಾಹಕತೆ ಎಷ್ಟಿರುತ್ತಿತ್ತು ಎಂಬುದನ್ನು ಆ ಆಮ್ಲವನ್ನು ಮುಟ್ಟದೆಯೇ ತಿಳಿಯಬಹುದು. ಹೈಡ್ರೋಕ್ಲೋರಿಕ್ ಆಮ್ಲದ 426.2ಕ್ಕೆ ಸೋಡಿಯಂ ಅಸಿಟೇಟಿನ 91.0 ಕೂಡಿಸಿ, ಸೋಡಿಯಂ ಕ್ಲೋರೈಡಿನ 126.5 ಕಳೆದರೆ 390.7. ಇದು ಒಂದು ಮೋಲ್ ಅಸಿಟಿಕ್ ಆಮ್ಲ ಕೊಡಬಹುದಾದ ಪೂರ್ಣ ವಾಹಕತೆ.

0.1 ಮೋಲ್ ದ್ರಾವಣದಲ್ಲಿ ಒಂದು ಮೋಲಿನ ಪಾಲಿಗೆ ನಿಜವಾಗಿ ಬರುವುದು 5.2. ಉಳಿದ ವಾಹಕತೆ ಎಲ್ಲಿ ಹೋಯಿತು? 1884ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಸ್ವಾಂಟೆ ಅರೇನಿಯಸ್ ಎಂಬ ಯುವಕ ತನ್ನ ಪ್ರಬಂಧದಲ್ಲಿ ಈ ದಿಕ್ಕಿನಲ್ಲಿ ಯೋಚಿಸಿದ: ಅಣುಗಳಲ್ಲಿ ಒಂದು ಪಾಲು ಮಾತ್ರ ವಿದ್ಯುತ್ ಹೊರಲು ಸಿದ್ಧವಾಗಿರುತ್ತದೆ, ಉಳಿದವು ಸುಮ್ಮನಿರುತ್ತವೆ. 1887ರ ಹೊತ್ತಿಗೆ ಆ ಮಾತು ಸ್ಪಷ್ಟವಾಯಿತು. ಸಿದ್ಧವಿರುವ ಪಾಲು ಎಂದರೆ ಅಯಾನುಗಳಾಗಿ ಒಡೆದ ಪಾಲು, 5.2ನ್ನು 390.7ರಿಂದ ಭಾಗಿಸಿದರೆ ಸಿಗುವ 1.3% ಅದರ ಅಳತೆ. ಉಪ್ಸಾಲಾದ ಪರೀಕ್ಷಕರು ಪ್ರಬಂಧಕ್ಕೆ ಕೆಳದರ್ಜೆ ಕೊಟ್ಟಿದ್ದರು. ಪ್ರತಿಯನ್ನು ಓದಿದ ರೀಗಾ ನಗರದ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಮಾತ್ರ ಅದೇ ವರ್ಷ ಉಪ್ಸಾಲಾಕ್ಕೇ ಬಂದು ಆ ಯುವಕನನ್ನು ಕಂಡರು. ಒಬ್ಬ ಓದುಗ ಸಾಕಾಯಿತು.

ಓಸ್ಟ್‌ವಾಲ್ಡ್ 1888ರಲ್ಲಿ ಇದಕ್ಕೆ ಸಮತೋಲನದ ನಿಯಮವನ್ನು ಹೊಂದಿಸಿದರು. ಅವರ ಯೋಚನೆ ಸರಳ. ಆಮ್ಲದ ಅಣು ಒಡೆಯಲು ಇನ್ನೊಂದು ಅಸಿಟಿಕ್ ಅಣುವಿನ ನೆರವು ಬೇಡ. ಆದರೆ ಒಡೆದ ಹೈಡ್ರೋಜನ್ ಅಯಾನು ಮತ್ತು ಅಸಿಟೇಟ್ ಅಯಾನು ಮತ್ತೆ ಕೂಡಲು ಇಬ್ಬರೂ ಎದುರಾಗಬೇಕು. ಜಾತ್ರೆಯಲ್ಲಿ ಕೈತಪ್ಪಿದ ಇಬ್ಬರು ಸಣ್ಣ ಬಯಲಿನಲ್ಲಾದರೆ ಬೇಗ ಸಿಗುತ್ತಾರೆ, ಬಯಲು ಹತ್ತು ಪಟ್ಟು ದೊಡ್ಡದಾದರೆ ಹುಡುಕಾಟವೂ ಉದ್ದವಾಗುತ್ತದೆ. ನೀರು ಸೇರಿದಾಗ ಒಡೆಯುವ ವೇಗ ಅಣುಗಳ ಸಾಂದ್ರತೆಯಷ್ಟೇ ತಗ್ಗುತ್ತದೆ, ಕೂಡುವ ವೇಗ ಎರಡು ಸಾಂದ್ರತೆಗಳ ಗುಣಲಬ್ಧದಂತೆ ತಗ್ಗುತ್ತದೆ. ಅಂದರೆ ಕೂಡುವುದು ಹೆಚ್ಚು ಹಿಂದೆ ಬೀಳುತ್ತದೆ. ಎರಡೂ ಮತ್ತೆ ಸರಿಸಮ ಆಗುವವರೆಗೆ ಇನ್ನಷ್ಟು ಅಣುಗಳು ಬಿಡಿಸಿಕೊಳ್ಳುತ್ತವೆ. ಒಡೆದ ಪಾಲನ್ನು α, ಒಟ್ಟು ಸಾಂದ್ರತೆಯನ್ನು c ಎಂದರೆ

K = cα² / (1 − α)

ಎಂಬುದು ಎಲ್ಲ ಸಾಂದ್ರತೆಗಳಲ್ಲೂ ಒಂದೇ ಬೆಲೆ ಕೊಡಬೇಕು. ಮೇಲಿನ ಮೂರು ದ್ರಾವಣಗಳಲ್ಲಿ ಒಡೆದ ಪಾಲು 1.3%, 4.1%, 12.4%. ಮೂರನ್ನೂ ಸೂತ್ರಕ್ಕೆ ಹಾಕಿದರೆ K ಸುಮಾರು 1.8 × 10⁻⁵ ಎಂದೇ ಬರುತ್ತದೆ. ಓಸ್ಟ್‌ವಾಲ್ಡ್ ಇನ್ನೂರಕ್ಕೂ ಹೆಚ್ಚು ಸಾವಯವ ಆಮ್ಲಗಳನ್ನು ಹೀಗೆ ಅಳೆದರು.

α ಚಿಕ್ಕದಿರುವವರೆಗೆ ಹತ್ತು ಪಟ್ಟು ತೆಳುವಾದಾಗ ಪಾಲು ಹತ್ತರ ವರ್ಗಮೂಲದಷ್ಟು, ಅಂದರೆ ಮೂರು ಪಟ್ಟು ಚಿಲ್ಲರೆ ಏರುತ್ತದೆ. ಆಮೇಲೆ ಏರಿಕೆ ಮಂದವಾಗುತ್ತದೆ: ಲೀಟರಿಗೆ ಹತ್ತು ಸಾವಿರದಲ್ಲಿ ಒಂದು ಮೋಲ್ ಇದ್ದಾಗ ಸುಮಾರು 34%, ಲಕ್ಷದಲ್ಲಿ ಒಂದಕ್ಕೆ 70%ರ ಆಸುಪಾಸು. ಎಷ್ಟೇ ನೀರು ಸುರಿದರೂ ಪೂರ್ತಿ ನೂರಾಗುವುದಿಲ್ಲ. ಯಾಕೆಂದರೆ ಶುದ್ಧ ನೀರಿನಲ್ಲೂ ಹೈಡ್ರೋಜನ್ ಅಯಾನುಗಳಿರುತ್ತವೆ. ಆಮ್ಲದ್ದು ಲೆಕ್ಕಕ್ಕಿಲ್ಲದಷ್ಟು ತೆಳುವಾದ ಮೇಲೆ ನೀರಿನದೇ ಉಳಿದು, ಪಾಲು 99.4%ರಲ್ಲಿ ನಿಲ್ಲುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಮುಗ್ಗರಿಸುವ ಜಾಗವೊಂದಿದೆ. ಶೇಕಡಾವಾರು ಏರಿತು ಎಂದರೆ ಆಮ್ಲ ಚುರುಕಾಯಿತು ಎಂದುಕೊಳ್ಳುತ್ತಾರೆ. ಲೀಟರಿನಲ್ಲಿರುವ ಹೈಡ್ರೋಜನ್ ಅಯಾನು 0.0013 ಮೋಲಿನಿಂದ 0.0004ಕ್ಕೆ, ಅಲ್ಲಿಂದ 0.00012ಕ್ಕೆ ಇಳಿಯುತ್ತಲೇ ಇರುತ್ತದೆ. ಏರಿದ್ದು ಪಾಲು, ಇಳಿದದ್ದು ಪ್ರಮಾಣ. ಹುಳಿ ಕಡಿಮೆಯಾಗುತ್ತದೆ, ಆದರೆ ನೀರು ಬೆರೆಸಿದಷ್ಟು ಬೇಗ ಕಡಿಮೆಯಾಗುವುದಿಲ್ಲ.

ಇನ್ನು ನಮ್ಮ ಕೊಳವೆಬಾವಿಯ ನೀರಿನ ವಿಚಾರ. ಡಿಸ್ಟಿಲ್ಡ್ ವಾಟರ್ ಬದಲು ಅದನ್ನೇ ಬೆರೆಸಿದರೆ ಪ್ರಯೋಗ ಕೆಡುತ್ತದೆ, ಕೆಡುವ ಬಗೆಯೂ ತಿಳಿದಿರಬೇಕು. ಗಡಸು ನೀರಿನಲ್ಲಿ ಬೈಕಾರ್ಬನೇಟ್ ಇರುತ್ತದೆ. ಲೀಟರಿಗೆ 5 ಮಿಲಿಮೋಲ್ ಇದೆ ಎಂದಿಟ್ಟುಕೊಳ್ಳೋಣ. ನೂರು ಪಟ್ಟು ತೆಳುವಾದ ಆಮ್ಲ ಇರುವುದು ಒಂದೇ ಮಿಲಿಮೋಲ್. ಬೈಕಾರ್ಬನೇಟ್ ಅದರ ಹೈಡ್ರೋಜನ್ ಅಯಾನನ್ನೆಲ್ಲ ಕಸಿದು ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತದೆ. ಪಿಎಚ್ 7ರ ಹತ್ತಿರ ನಿಲ್ಲುತ್ತದೆ. ಆ ಪಿಎಚ್‌ನಿಂದ ಲೆಕ್ಕ ಹಾಕಿದ ವಿದ್ಯಾರ್ಥಿಗೆ ಅಯಾನೀಕರಣ 0.01% ಎಂದು ಬರುತ್ತದೆ, ಅಂದರೆ ತೆಳು ಮಾಡಿದರೆ ಪಾಲು ಕುಸಿಯಿತು ಎಂಬ ತಲೆಕೆಳಗಾದ ಫಲ. ನಿಜಕ್ಕೂ ಅಲ್ಲಿ ಅಸಿಟಿಕ್ ಆಮ್ಲ ಬಹುತೇಕ ಪೂರ್ತಿ ಅಸಿಟೇಟ್ ಆಗಿರುತ್ತದೆ. ಹೈಡ್ರೋಜನ್ ಅಯಾನುಗಳ ಎಣಿಕೆಯೂ ಅಸಿಟೇಟಿನ ಎಣಿಕೆಯೂ ಒಂದೇ ಎಂಬ ನಂಬಿಕೆ ಮುರಿದದ್ದರಿಂದ ಲೆಕ್ಕ ತಪ್ಪಿತು. ವಾಹಕತೆಯ ದಾರಿಯೂ ಮುಚ್ಚುತ್ತದೆ. ಇಂಥ ನೀರಿನದೇ ವಾಹಕತೆ ನೂರಾರು ಮೈಕ್ರೋಸೀಮೆನ್ಸ್ ಇರುವಾಗ ಆಮ್ಲದ 49 ಅದರಲ್ಲಿ ಮುಳುಗಿಹೋಗುತ್ತದೆ. ಘಟಕದ ಶುದ್ಧೀಕರಿಸಿದ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ, ಈ ಕೆಲಸಕ್ಕೆ ಅದೂ ಹೆಚ್ಚೇ. ಹಾಗಾಗಿ ಬೆರೆಸುವ ನೀರಿಗೆ ಮೊದಲು ಪೆನ್ನನ್ನು ಅದ್ದಿ ನೋಡಬೇಕು, ಒಂದಂಕಿಯಲ್ಲಿದ್ದರೆ ಮುಂದುವರಿಯಬಹುದು.

ಓಸ್ಟ್‌ವಾಲ್ಡ್‌ರ ನಿಯಮ ಇಷ್ಟು ಚೆನ್ನಾಗಿ ನಡೆದದ್ದು ದುರ್ಬಲ ಆಮ್ಲಗಳಲ್ಲಿ ಮಾತ್ರ. ಹೈಡ್ರೋಕ್ಲೋರಿಕ್ ಆಮ್ಲವನ್ನು ಅದೇ ಸೂತ್ರಕ್ಕೆ ಹಾಕಿದರೆ 0.1 ಮೋಲ್‌ನಲ್ಲಿ K ಸುಮಾರು 1.0, 0.01ರಲ್ಲಿ 0.28, 0.001ರಲ್ಲಿ 0.09. ಸ್ಥಿರಾಂಕ ಎನಿಸಿಕೊಂಡದ್ದು ಹನ್ನೊಂದು ಪಟ್ಟು ಜಾರಿತು. ಮೂವತ್ತು ವರ್ಷ ಈ ಒಗಟು ಕಾಡಿತು. ಇದನ್ನು ಬಿಡಿಸಲು ಕೈಹಾಕಿದವರಲ್ಲಿ ಪ್ರಫುಲ್ಲಚಂದ್ರ ರೇ ಅವರ ಶಿಷ್ಯ ಜ್ಞಾನಚಂದ್ರ ಘೋಷ್ ಒಬ್ಬರು. 1918ರಲ್ಲಿ ಕೋಲ್ಕತ್ತದಿಂದ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಗೆ ಬರೆದ ಲೇಖನಗಳಲ್ಲಿ ಅವರು, ಪ್ರಬಲ ಆಮ್ಲ, ಲವಣಗಳು ನೀರಿನಲ್ಲಿ ಪೂರ್ತಿ ಒಡೆದೇ ಇರುತ್ತವೆ, ಅಲ್ಲಿ ಬದಲಾಗುವುದು ಒಡೆದ ಪಾಲಲ್ಲ, ಅಯಾನುಗಳ ನಡುವಿನ ಸೆಳೆತ ಎಂದರು. ಅಯಾನುಗಳು ದ್ರಾವಣದಲ್ಲೂ ಹರಳಿನಲ್ಲಿರುವಂತೆ ಜೋಡಣೆಗೊಂಡಿರುತ್ತವೆ ಎಂದು ಭಾವಿಸಿ ಲೆಕ್ಕ ಕಟ್ಟಿದರು. ಅದರಿಂದ ಸೆಳೆತದ ಪರಿಣಾಮ ಸಾಂದ್ರತೆಯ ಘನಮೂಲದಂತೆ ಬದಲಾಗಬೇಕಿತ್ತು. ಕೋಲ್‌ರೌಷ್‌ರ ಅಳತೆಗಳು ವರ್ಗಮೂಲ ಎನ್ನುತ್ತಿದ್ದವು. 1923ರಲ್ಲಿ ಜ್ಯೂರಿಕ್‌ನ ಪೀಟರ್ ಡಿಬೈ ಮತ್ತು ಎರಿಕ್ ಹ್ಯುಕೆಲ್ ಘೋಷ್‌ರ ಸಿದ್ಧಾಂತವನ್ನು ಪರಿಶೀಲಿಸಿ, ಹರಳಿನ ಜೋಡಣೆಯನ್ನು ಬಿಟ್ಟು, ಶಾಖದಿಂದ ಅಲುಗಾಡುತ್ತಲೇ ಇರುವ ಅಯಾನುಗಳ ಸಡಿಲ ಮೋಡವನ್ನು ಕಲ್ಪಿಸಿದರು. ವರ್ಗಮೂಲ ತಾನಾಗಿ ಬಂತು. ಘೋಷ್‌ರ ಲೆಕ್ಕ ನಿಲ್ಲಲಿಲ್ಲ, ಪೂರ್ತಿ ಒಡೆದಿರುತ್ತವೆ ಎಂಬ ಅವರ ನಿಲುವು ನಿಂತಿತು. ನನಗೆ ಆ ನಿಲುವೇ ದೊಡ್ಡದಾಗಿ ಕಾಣುತ್ತದೆ. ಅದೇ ಘೋಷ್ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು, ಯುದ್ಧದ ವರ್ಷಗಳಲ್ಲಿ ಅದನ್ನು ನಡೆಸಿದರು.

ಸೆಳೆತದ ಈ ಲೆಕ್ಕ ಮರಳಿ ದುರ್ಬಲ ಆಮ್ಲಕ್ಕೂ ಉಪಯೋಗಕ್ಕೆ ಬಂತು. ಅಸಿಟಿಕ್ ಆಮ್ಲದಲ್ಲಿ ಒಡೆದ ಅಯಾನುಗಳು ಕಡಿಮೆ, ಆದರೆ ಅವೂ ಒಂದನ್ನೊಂದು ಸ್ವಲ್ಪ ಹಿಡಿದೆಳೆಯುತ್ತವೆ. ಅದನ್ನು ತಿದ್ದದೆ ಭಾಗಿಸಿದರೆ K ಒಂದೊಂದು ಸಾಂದ್ರತೆಗೆ ಕೊಂಚ ಕೊಂಚ ಬೇರೆ ಬರುತ್ತದೆ. 1932ರಲ್ಲಿ ಅಮೆರಿಕದ ಮ್ಯಾಕಿನ್ನೆಸ್ ಮತ್ತು ಶೆಡ್ಲೊವ್‌ಸ್ಕಿ ಈ ತಿದ್ದುಪಡಿಯೊಂದಿಗೆ ವಾಹಕತೆಯನ್ನು ಹೊಸದಾಗಿ ಅಳೆದು, 25 ಡಿಗ್ರಿಯಲ್ಲಿ 1.753 × 10⁻⁵ ಎಂಬ ಬೆಲೆಗೆ ಬಂದರು. ಪಠ್ಯಪುಸ್ತಕಗಳ ಕೋಷ್ಟಕದಲ್ಲಿ ಕೆಲವೆಡೆ 1.8, ಕೆಲವೆಡೆ 1.75 ಎಂದಿರುವುದು ಈ ಒಂದೇ ಸಂಖ್ಯೆಯನ್ನು ಎಷ್ಟು ಅಂಕಿಗಳವರೆಗೆ ಬರೆದಿದ್ದಾರೆ ಎಂಬುದರ ಮೇಲೆ.