‘ತತ್ವತಃ ಮಾನ್ಯ’ ಎಂದು ಬರೆಯುವ ಮುನ್ನ

ಜಯಸಿಂಗಪುರ ಮತ್ತು ಇಚಲಕರಂಜಿ ನಡುವಿನ ಒಂದು ಮಗ್ಗದ ಶೆಡ್ಡಿನಲ್ಲಿ, ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ಮೊದಲ ವಾರ. ಮಾಲಕರ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ಕಾಮಗಾರ ಸಂಘಟನೆ ಕೊಟ್ಟ ಏಳು ಬೇಡಿಕೆಗಳ ಪಟ್ಟಿ. ಇಲ್ಲಿ ಅದನ್ನು ಮರಾಠಿಯವರೂ ಕನ್ನಡದವರೂ ‘ಮಾಗಣಿಪತ್ರ’ ಎಂದೇ ಕರೆಯುತ್ತಾರೆ. ಇನ್ನೊಂದು ದಿವಾಣಜಿಯವರು ಬರೆದಿಟ್ಟ ಉತ್ತರದ ಕರಡು. ಅದರ ಮೊದಲ ಸಾಲೇ ಹೀಗಿತ್ತು: ‘ತಮ್ಮ ಬೇಡಿಕೆಗಳು ತತ್ವತಃ ಮಾನ್ಯವಾಗಿದ್ದು, ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.’

“ಇಷ್ಟ ಬರದರ ಮಂದಿ ಸಮಾಧಾನ ಆಗ್ತಾರ್ರಿ. ಮುಂದಿಂದು ಮುಂದ ನೋಡೂಣು,” ಎಂದರು ಮಾಲಕರು. ಅವರು ಮೋಸಗಾರರಲ್ಲ. ಜಗಳ ಬೇಡವೆನ್ನುವ ಮನುಷ್ಯ. ಆದರೆ ಆ ಒಂದು ಸಾಲು ಹೋಗಿದ್ದರೆ ಮಾತುಕತೆಗೆ ಕೂರುವ ಮೊದಲೇ ಏಳಕ್ಕೆ ಏಳೂ ಬೇಡಿಕೆಗಳನ್ನು ಒಪ್ಪಿದಂತಾಗುತ್ತಿತ್ತು. ‘ತತ್ವತಃ’ ಎಂಬ ಮಾತು ಬರೆದವರಿಗೆ ಜಾರಿಕೊಳ್ಳುವ ದಾರಿಯಂತೆ ಕಾಣುತ್ತದೆ. ಮಗ್ಗದ ಮುಂದೆ ನಿಂತು ಓದುವವನ ಕಣ್ಣಿಗೆ ಬೀಳುವುದು ‘ಮಾನ್ಯ’ ಒಂದೇ. ಜನವರಿ ಪಗಾರದಲ್ಲಿ ಆ ದುಡ್ಡು ಕಾಣದಿದ್ದರೆ ಅವನ ಪಾಲಿಗೆ ಅದು ಕೊಟ್ಟ ಮಾತಿಗೆ ತಪ್ಪಿದ್ದು. ಅವನ ಲೆಕ್ಕ ಸರಿಯಾಗಿಯೇ ಇದೆ.

ಈ ಭಾಗದಲ್ಲಿ ಇಂಥ ಕಾಗದ ಚಿಕ್ಕ ಮಾತಲ್ಲ. 2013ರ ಜನವರಿಯಲ್ಲಿ ಇಚಲಕರಂಜಿಯ ಯಂತ್ರಮಗ್ಗ ಕಾಮಗಾರರು ಮಜೂರಿಗಾಗಿ ಕೆಲಸ ನಿಲ್ಲಿಸಿದಾಗ ಊರಿನ ಮಗ್ಗಗಳು ಒಂದು ತಿಂಗಳಿಗೂ ಮೀರಿ ಸುಮ್ಮನೆ ನಿಂತಿದ್ದವು. ಕೊನೆಗೆ ಆದ ಒಪ್ಪಂದ ಮಜೂರಿಯನ್ನು ತುಟ್ಟಿಭತ್ಯೆಗೆ ಜೋಡಿಸಿತು. ಆಮೇಲೆ ಪ್ರತಿ ಜನವರಿ ಬಂತೆಂದರೆ ‘52 ಪಿಕ್ಕಿಗೆ ಎಷ್ಟು ಪೈಸೆ’ ಎಂಬುದೇ ಇಲ್ಲಿನ ಚಹಾ ಅಂಗಡಿಗಳ ಮಾತು. ಡಿಸೆಂಬರಿನಲ್ಲಿ ಬೇಡಿಕೆಪಟ್ಟಿ ಬಂತೆಂದರೆ ಅದರ ಹಿಂದೆ ಇಷ್ಟು ಇತಿಹಾಸವಿದೆ ಎಂದು ತಿಳಿದೇ ಉತ್ತರ ಬರೆಯಬೇಕು.

ಕಾನೂನಿನ ಕಡೆಯಿಂದಲೂ ಈ ಉತ್ತರಕ್ಕೆ ತೂಕವಿದೆ. ಬೇಡಿಕೆ ಮೊದಲು ಆಡಳಿತದ ಮುಂದೆ ಬರಬೇಕು, ಆಡಳಿತ ಅದನ್ನು ನಿರಾಕರಿಸಬೇಕು, ಆಗಲೇ ಅದು ಕೈಗಾರಿಕಾ ವಿವಾದವಾಗುತ್ತದೆ ಎಂದು ಸಿಂಧು ರೀಸೆಟಲ್‌ಮೆಂಟ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹಾಗಾಗಿ ನಾಳೆ ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ ಫೈಲು ತೆರೆದಾಗ ಮೊದಲು ಓದುವುದು ಇದೇ ಕಾಗದವನ್ನು. ಸುಮ್ಮನಿದ್ದುಬಿಡುವುದೂ ಉಪಾಯವಲ್ಲ. ಮಹಾರಾಷ್ಟ್ರದ 1971ರ ಕಾಯ್ದೆಯು ಮಾನ್ಯತೆ ಪಡೆದ ಸಂಘದೊಂದಿಗೆ ಸದ್ಭಾವನೆಯಿಂದ ಚೌಕಾಸಿಗೆ ಕೂರಲು ಒಲ್ಲೆ ಎನ್ನುವುದನ್ನೇ ಮಾಲಕರ ಅನುಚಿತ ನಡವಳಿಕೆಗಳ ಪಟ್ಟಿಯಲ್ಲಿ ಸೇರಿಸಿದೆ.

ಮಾಲಕರ ಜೊತೆ ಉತ್ತರ ಬರೆಯಲು ಕೂತಾಗ ನಾವು ಮೊದಲು ನೋಡಿದ್ದು ಬಂದ ಕಾಗದ ಯಾವ ಜಾತಿಯದು ಎಂದು. ಅದು ಬೇಡಿಕೆಪಟ್ಟಿಯೋ, ಮುಷ್ಕರದ ನೋಟೀಸೋ? ಎರಡನ್ನೂ ಒಂದೇ ಎಂದು ತಿಳಿದು ಗಾಬರಿಯಾಗುವವರನ್ನು ಕಂಡಿದ್ದೇನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಈಗ ಮುಷ್ಕರಕ್ಕೆ ಮೊದಲು ನೋಟೀಸು ಕೊಡಬೇಕು, ಕೊಟ್ಟ 14 ದಿನಗಳೊಳಗೆ ಕೆಲಸ ನಿಲ್ಲಿಸುವಂತಿಲ್ಲ. ಬರಿಯ ಬೇಡಿಕೆಪಟ್ಟಿಯಲ್ಲಿ ಅಂಥ ಗಡಿಯಾರ ಇರುವುದಿಲ್ಲ. ನಮ್ಮದರಲ್ಲಿ ‘ಹದಿನೈದು ದಿನಗಳಲ್ಲಿ ಚರ್ಚೆಗೆ ಕರೆಯಬೇಕು’ ಎಂದಷ್ಟೇ ಇತ್ತು. ನಾವು ನಾಲ್ಕನೆಯ ದಿನ ಉತ್ತರ ಕೊಟ್ಟೆವು. ಹದಿನಾಲ್ಕನೆಯ ದಿನಕ್ಕೆ ಕೊಟ್ಟ ಉತ್ತರವನ್ನು, ಒಳಗೆ ಏನೇ ಬರೆದಿರಲಿ, ಜನ ತಡಮಾಡುವ ಹೂಟವೆಂದೇ ಓದುತ್ತಾರೆ.

ಎರಡನೆಯ ಕೆಲಸ ಲೆಕ್ಕ. ಒಂದನೆಯ ಬೇಡಿಕೆ ಮೀಟರಿಗೆ 20 ಪೈಸೆ ಹೆಚ್ಚಳದ್ದು. 52 ಪಿಕ್ ಎಂದರೆ ಬಟ್ಟೆಯ ಒಂದು ಇಂಚಿನಲ್ಲಿ 52 ಹೊಕ್ಕಿನ ಎಳೆ, ಅಂದರೆ ಮೀಟರಿಗೆ ಸುಮಾರು 2,047. ನಮ್ಮ ಮಗ್ಗ ನಿಮಿಷಕ್ಕೆ 150 ಸಲ ಬಡಿಯುತ್ತದೆ. ಎಳೆ ಹರಿಯುವುದು, ಕಾಂಡಿ ಬದಲಿಸುವುದು, ಬೀಮು ಏರಿಸುವುದು ಎಲ್ಲ ಕಳೆದು ನೂರಕ್ಕೆ ಎಂಬತ್ತು ಹಿಡಿದರೆ ತಾಸಿಗೆ ಮೂರೂವರೆ ಮೀಟರ್, ಹನ್ನೆರಡು ತಾಸಿನ ಪಾಳಿಗೆ 42 ಮೀಟರ್. ಒಬ್ಬ ನೇಕಾರ ಆರು ಮಗ್ಗ ನೋಡುತ್ತಾನೆ, ಅವನ ಕೈಯಿಂದ ಇಳಿಯುವುದು 252 ಮೀಟರ್. ಮೀಟರಿಗೆ ಹತ್ತು ಪೈಸೆ ಏರಿದರೆ ಅವನಿಗೆ ಪಾಳಿಗೆ 25 ರೂಪಾಯಿ, ತಿಂಗಳ 26 ಪಾಳಿಗೆ 655. ಶೆಡ್ಡಿನಲ್ಲಿ 48 ಮಗ್ಗ, ಎರಡು ಪಾಳಿ ಸೇರಿ ಹದಿನಾರು ನೇಕಾರರು. ಅಂದರೆ ಪ್ರತಿ ಹತ್ತು ಪೈಸೆಗೆ ಮಾಲಕರ ಮೇಲೆ ತಿಂಗಳಿಗೆ ಸುಮಾರು ಹತ್ತೂವರೆ ಸಾವಿರ. ಕೇಳಿದ ಇಪ್ಪತ್ತಕ್ಕೆ ಇಪ್ಪತ್ತೊಂದು ಸಾವಿರ. ಪಿಎಫ್, ಬೋನಸ್ಸು ಅದರ ಬೆನ್ನಿಗೆ ಏರುವುದು ಬೇರೆ.

ಇಲ್ಲೊಂದು ಗಂಟಿದೆ. ಈ ಮಾಲಕರು ‘ಖರ್ಚಿವಾಲೆ’. ನೂಲು ವ್ಯಾಪಾರಿಯದು, ಬಟ್ಟೆಯೂ ವ್ಯಾಪಾರಿಯದೇ. ಇವರಿಗೆ ಸಿಗುವುದು ಪಿಕ್ಕಿಗೆ ಇಷ್ಟು ಪೈಸೆ ಎಂಬ ನೇಯ್ಗೆ ಕೂಲಿ. ಕಾಮಗಾರನಿಗೆ ಮೀಟರಿಗೆ ಹತ್ತು ಪೈಸೆ ಕೊಡಬೇಕಾದರೆ ವ್ಯಾಪಾರಿ ಪಿಕ್ಕಿಗೆ ಒಂದು ಪೈಸೆಯ ಐದನೆಯ ಒಂದು ಭಾಗ ಹೆಚ್ಚು ಕೊಡಬೇಕು. ಕೇಳಲು ಅದು ಕಣದಷ್ಟು. ಆದರೆ ವ್ಯಾಪಾರಿ ಆ ಕಣಕ್ಕೂ ಒಪ್ಪಿರಲಿಲ್ಲ. ಮಾತುಕತೆಗೆ ಮೊದಲು ಕಾಗದದಲ್ಲಿ ಅಂಕಿ ಹಾಕಬಾರದು ಎಂದು ನಾನು ಹಟ ಹಿಡಿದದ್ದು ಇದಕ್ಕೇ. ತಮ್ಮ ಕೈಗೆ ಬಾರದ ದುಡ್ಡಿನ ಮೇಲೆ ಮಾಲಕರು ಮಾತು ಕೊಟ್ಟು, ಮೂರು ತಿಂಗಳಿಗೆ ಮುರಿದರೆ, ಮಗ್ಗ ಮಾರುವುದು ಇವರು, ಕೆಲಸ ಕಳೆದುಕೊಳ್ಳುವುದು ಕಾಮಗಾರರು. ಲೆಕ್ಕದ ಹಾಳೆ ಪತ್ರದ ಜೊತೆ ಹೋಗಲಿಲ್ಲ, ಮಾಲಕರ ಜೇಬಿನಲ್ಲಿ ಉಳಿಯಿತು.

ಪತ್ರದಲ್ಲಿ ಸಂಘಟನೆಯ ಅಂಕೆಯನ್ನೇ ಇಟ್ಟುಕೊಂಡೆವು. ಅವರ ಒಂದಕ್ಕೆ ನಮ್ಮ ಒಂದು, ಅವರ ಏಳಕ್ಕೆ ನಮ್ಮ ಏಳು. ನಮಗೆ ಅನುಕೂಲವಾಗುವಂತೆ ಮೂರನ್ನು ಒಂದರಲ್ಲಿ ಕಟ್ಟಿಬಿಟ್ಟರೆ ಒಂದನ್ನು ನುಂಗಿದರೆಂಬ ಅನುಮಾನ ಬರುತ್ತದೆ. ಪ್ರತಿ ಅಂಶವನ್ನೂ ಅವರ ಮಾತಿನಲ್ಲೇ ಒಂದು ಸಾಲಿನಲ್ಲಿ ತಿರುಗಿ ಹೇಳಿ, ಕೆಳಗೆ ನಮ್ಮ ಸಾಲು ಬರೆದೆವು. ಮಜೂರಿಯ ಅಂಶಕ್ಕೆ ಬರೆದದ್ದು ಇಷ್ಟು: ‘52 ಪಿಕ್ಕಿಗೆ ಮೀಟರಿಗೆ 20 ಪೈಸೆ ಹೆಚ್ಚಿಸಬೇಕೆಂಬ ಬೇಡಿಕೆ ತಲುಪಿದೆ. ಇದನ್ನು ಎರಡನೆಯ ಸಭೆಯಲ್ಲಿ ಚರ್ಚೆಗೆ ಇಡಲಾಗುವುದು. ಬೇರೆ ಪಿಕ್ಕಿನ ಬಟ್ಟೆಗೂ ಇದೇ ಪ್ರಮಾಣವೇ ಎಂಬುದನ್ನು ತಾವು ಮೊದಲ ಸಭೆಯಲ್ಲಿ ತಿಳಿಸಬೇಕೆಂದು ಕೋರಿಕೆ.’ ಇದರಲ್ಲಿ ಹೂಂ ಇಲ್ಲ, ಉಹೂಂ ಕೂಡ ಇಲ್ಲ. ಆದರೆ ಬೇಡಿಕೆಯನ್ನು ಓದಿದ್ದಾರೆ ಎಂಬುದು ಆ ಪ್ರಶ್ನೆಯಿಂದಲೇ ಗೊತ್ತಾಗುತ್ತದೆ. ತುಟ್ಟಿಭತ್ಯೆಗೆ ತಕ್ಕಂತೆ ವರ್ಷವರ್ಷ ಏರಿಕೆ ಎಂಬ ಎರಡನೆಯದನ್ನೂ, ನೂರಕ್ಕೆ 20 ಬೋನಸ್ ಎಂಬ ಐದನೆಯದನ್ನೂ ಹೀಗೆಯೇ ಬರೆದೆವು. ಬೋನಸ್ಸಿಗೆ ಮಾತ್ರ ಒಂದು ಮಾತು ಸೇರಿಸಿದೆವು: ನೂರಕ್ಕೆ 8.33ರ ಕನಿಷ್ಠ ಚರ್ಚೆಯ ವಿಷಯವಲ್ಲ, ಅದರ ಮೇಲಿನದಷ್ಟೇ ಚರ್ಚೆಗೆ.

ಮೂರು ಮತ್ತು ನಾಲ್ಕನೆಯ ಅಂಶಗಳು ಬೇರೆ ಬಗೆಯವು. ಎಂಟು ತಾಸಿನ ಪಾಳಿ, ಪಿಎಫ್, ಇಎಸ್‌ಐ, ಪಗಾರ ಚೀಟಿ. ಇವು ಕೊಡು-ಕೊಳ್ಳುವ ಮಾತಲ್ಲ, ಕಾನೂನಿನ ಮಾತು. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಶೆಡ್ಡಿಗೆ ಪಿಎಫ್ ಬಿಟ್ಟಿಲ್ಲ. ‘ಪಿಎಫ್ ಬಗ್ಗೆ ಚರ್ಚಿಸೋಣ’ ಎಂದು ಬರೆದರೆ ಅದು ಜಾಣತನವಾಗುವುದಿಲ್ಲ, ತಾನು ಕಟ್ಟುತ್ತಿಲ್ಲವೆಂದು ತಾನೇ ಬರೆದುಕೊಟ್ಟಂತೆ. ಒಂದೇ ಶೆಡ್ಡಿನ ಮಗ್ಗಗಳನ್ನು ಅಣ್ಣ, ತಮ್ಮ, ಹೆಂಡತಿಯ ಹೆಸರಿಗೆ ಹಂಚಿ ಜನರ ಲೆಕ್ಕ ಇಳಿಸುವ ರೂಢಿ ಇಲ್ಲಿ ಎಲ್ಲರಿಗೂ ಗೊತ್ತು. ಈ ಅಂಶಕ್ಕೆ ಉತ್ತರ ಬರೆಯುವಾಗ ಅಂಥ ರೂಢಿಯ ಮರೆಗೆ ನಿಲ್ಲುವ ಮಾಲಕರಿಗೆ ನಾನು ಕಾಗದ ಬರೆದುಕೊಡುವುದಿಲ್ಲ. ನಾವು ಬರೆದದ್ದು: ಮಸ್ಟರ್, ಪಗಾರ ವಹಿ, ಪಿಎಫ್ ಚಲನ್ ಮೊದಲ ಸಭೆಗೆ ತರುತ್ತೇವೆ, ಕೊರತೆ ಕಂಡರೆ ಸರಿಪಡಿಸುವ ದಿನಾಂಕವನ್ನು ಅಂದೇ ಬರೆದುಕೊಡುತ್ತೇವೆ. ಪಾಳಿಯ ವಿಷಯದಲ್ಲಿ, ಹೆಚ್ಚಿನ ತಾಸುಗಳಿಗೆ ಈಗ ಏನು ಕೊಡುತ್ತಿದ್ದೇವೆ ಎಂಬ ಲೆಕ್ಕವನ್ನೂ.

ಬಟ್ಟೆಯಲ್ಲಿ ದೋಷ ಬಂದರೆ ಪಗಾರದಲ್ಲಿ ಮುರಿಯುವುದನ್ನು ನಿಲ್ಲಿಸಬೇಕು ಎಂಬುದು ಆರನೆಯದು. ಯಾವ ತಿಂಗಳು, ಯಾರಿಗೆ, ಎಷ್ಟು ಮುರಿದಿದೆ ಎಂಬ ಪಟ್ಟಿ ತರುತ್ತೇವೆ ಎಂದೆವು. ಏಳನೆಯದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಜಾಬರ್ ಜೊತೆ ಜಗಳವಾಗಿ ಇಬ್ಬರನ್ನು ಹೊರಗೆ ನಿಲ್ಲಿಸಿದ್ದರು. ಅವರನ್ನು ತಿರುಗಿ ತೆಗೆದುಕೊಳ್ಳಬೇಕೆಂಬ ಬೇಡಿಕೆ. ದಿವಾಣಜಿಯವರ ಕರಡಿನಲ್ಲಿ ‘ಗೂಂಡಾಗಿರಿ ಮಾಡಿದ ಆ ಇಬ್ಬರು’ ಎಂದಿತ್ತು. ವಿಚಾರಣೆಯೇ ಆಗದೆ ಹಾಗೆ ಬರೆದರೆ ತೀರ್ಪನ್ನು ಮೊದಲೇ ಕೊಟ್ಟಂತೆ. ಅದನ್ನು ಹೊಡೆದು, ‘ಈ ಇಬ್ಬರ ವಿಷಯವನ್ನು ಮೊದಲ ಸಭೆಯಲ್ಲೇ ತೆಗೆದುಕೊಳ್ಳಲಾಗುವುದು, ಅಲ್ಲಿಯವರೆಗೆ ಅವರ ಜಾಗಕ್ಕೆ ಬೇರೆಯವರನ್ನು ಕಾಯಂ ಮಾಡುವುದಿಲ್ಲ’ ಎಂದು ಹಾಕಿದೆವು. ಇಡೀ ಪತ್ರದಲ್ಲಿ ನಾವು ಮುಂಚೆಯೇ ಬಿಟ್ಟುಕೊಟ್ಟದ್ದು ಇದೊಂದೇ. ತಿಳಿದೇ ಬಿಟ್ಟುಕೊಟ್ಟೆವು. ಹೊರಗಿರುವವನ ಮನೆಯ ಒಲೆ ಮೂರನೆಯ ಸಭೆಯವರೆಗೆ ಕಾಯುವುದಿಲ್ಲ.

ದಿನಾಂಕಗಳ ವಿಷಯಕ್ಕೆ ಬರೋಣ. ‘ಶೀಘ್ರದಲ್ಲೇ ಸಭೆ ಕರೆಯಲಾಗುವುದು’ ಎಂದರೆ ಕರೆಯುವುದಿಲ್ಲ ಎಂದೇ ಕಾಮಗಾರರು ಓದುತ್ತಾರೆ. ಈ ದಿನ ಆಗದಿದ್ದರೆ ಆ ದಿನ ಎಂಬಂತೆ ಮೂರು ದಿನ ಕೊಟ್ಟರೂ ಸಭೆ ಒಂದೇ ಆಗಿ ನಿಲ್ಲುತ್ತದೆ. ನಾವು ಕೊಟ್ಟದ್ದು ಸರಣಿ: ಡಿಸೆಂಬರ್ 11, 17 ಮತ್ತು 23. ಮೊದಲನೆಯದಕ್ಕೆ ವಹಿಗಳು, ಹೊರಗಿರುವ ಇಬ್ಬರು, ಪ್ರಶ್ನೆಗಳಿಗೆ ಸ್ಪಷ್ಟನೆ. ಎರಡನೆಯದಕ್ಕೆ ಮಜೂರಿ. ಉಳಿದದ್ದು ಮೂರನೆಯದಕ್ಕೆ. ಪಗಾರದ ದಿನ ತಪ್ಪಿಸಿದೆವು. ಪಾಳಿ ಬದಲಾಗುವ ಹೊತ್ತಿಗೆ ಸಮಯ ಇಟ್ಟೆವು, ಎರಡೂ ಪಾಳಿಯವರು ಬರಲಿ ಎಂದು. ಸಭೆಗೆ ಕೂತ ತಾಸುಗಳಿಗೆ ಪ್ರತಿನಿಧಿಗಳ ಪಗಾರ ಮುರಿಯುವುದಿಲ್ಲ ಎಂದೂ, ಮಾಲಕರೇ ಖುದ್ದಾಗಿ ಕೂರುತ್ತಾರೆ ಎಂದೂ ಬರೆದೆವು. ಅಧಿಕಾರವಿಲ್ಲದ ಮ್ಯಾನೇಜರನನ್ನು ಕಳಿಸಿ, ಪ್ರತಿ ಮಾತಿಗೂ ‘ಮಾಲಕರನ್ನು ಕೇಳಿ ಹೇಳ್ತೀನಿ’ ಅನ್ನಿಸಿದರೆ ಎರಡನೆಯ ಸಭೆಗೆ ಯಾರೂ ಬರುವುದಿಲ್ಲ.

ಕೊನೆಯ ಎರಡು ಸಾಲುಗಳನ್ನು ಮರೆಯಬಾರದು. ಒಂದು, ಎಲ್ಲ ಅಂಶ ಸೇರಿ ಒಂದೇ ಒಪ್ಪಂದ, ಬಿಡಿಬಿಡಿಯಾಗಿ ಆದ ಮಾತು ಸಹಿಯಾಗುವವರೆಗೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಇನ್ನೊಂದು, ಅಲ್ಲಿಯವರೆಗೆ ಈಗಿರುವ ಮಜೂರಿ, ಪಾಳಿ, ಮಗ್ಗಗಳ ಹಂಚಿಕೆ ಯಾವುದನ್ನೂ ಮಾಲಕರು ಬದಲಿಸುವುದಿಲ್ಲ, ಕಾಮಗಾರರೂ ಕೆಲಸ ನಡೆಸಿಕೊಂಡು ಹೋಗಬೇಕು. ಮೊದಲನೆಯ ಸಾಲು ಮಾಲಕರಿಗೆ ಎಷ್ಟು ರಕ್ಷಣೆಯೋ ಅವರಿಗೂ ಅಷ್ಟೇ. ಮೊದಲ ದಿನವೇ ಐದು ಪೈಸೆ ಕೈಗಿತ್ತು ಉಳಿದ ಆರನ್ನು ಮರೆಸುವ ಆಟ ಅವರ ಮೇಲೆ ನಡೆಯುವುದಿಲ್ಲ.

ಪತ್ರ ಮರಾಠಿಯಲ್ಲಿ ಹೋಯಿತು. ಗಡಿಯಾಚೆಯಿಂದ ಬಂದ ನೇಕಾರರಿಗಾಗಿ ಕನ್ನಡದಲ್ಲೂ, ಉತ್ತರದವರಿಗಾಗಿ ಹಿಂದಿಯಲ್ಲೂ ಪ್ರತಿ ಮಾಡಿ ನೀರಿನ ಟಾಕಿಯ ಪಕ್ಕದ ಗೋಡೆಗೆ ಅಂಟಿಸಿದೆವು. ಸಂಘಟನೆಯ ಪ್ರತಿಯ ಮೇಲೆ ‘ತಲುಪಿದೆ’ ಎಂದು ಸಹಿ, ತಾರೀಖು, ಹೊತ್ತು ಬರೆಸಿಕೊಂಡೆವು. ಕನ್ನಡದ ಪ್ರತಿಯನ್ನು ಹಿರಿಯ ನೇಕಾರರೊಬ್ಬರು ಬೆರಳಿಟ್ಟು ಸಾಲುಸಾಲಾಗಿ ಓದಿ, ನಾಲ್ಕನೆಯ ಅಂಶದ ಹತ್ತಿರ ನಿಂತರು. “ಸರ, ಚಲನ್ ಅಷ್ಟ ಸಾಲೂದಿಲ್ಲರಿ. ಯಾರ ಯಾರ ಹೆಸರಿಗಿ ತುಂಬ್ಯಾರ ಅನ್ನೂ ಪಟ್ಟೀನೂ ತರ್ರಿ,” ಎಂದರು. ಅದನ್ನು ಅಲ್ಲೇ ಪೆನ್ನಿನಿಂದ ಸೇರಿಸಿ, ಮಾಲಕರು ಪಕ್ಕದಲ್ಲಿ ಸಹಿ ಹಾಕಿದರು. 17ರ ಬದಲು 18 ಆಗಲಿ ಎಂದು ಸಂಘಟನೆ ಮರುದಿನ ಚೀಟಿ ಕಳಿಸಿತು, ನಾವು ಒಪ್ಪಿದೆವು. ಕೂತದ್ದು ಮೂರಲ್ಲ, ಐದು ಸಲ. ಹೊರಗಿದ್ದ ಇಬ್ಬರೂ ಮೊದಲ ಸಭೆಯ ಮರುದಿನ ಪಾಳಿಗೆ ಬಂದರು.