ಡಾಮಿನೋಸ್ ಬಾಯಿ ಬಿಡದ ಎರಡು ದಿನ

2009ರ ಏಪ್ರಿಲ್. ಅಮೆರಿಕದ ನಾರ್ತ್ ಕ್ಯಾರೊಲಿನಾದ ಕಾನೋವರ್ ಊರಿನ ಡಾಮಿನೋಸ್ ಅಂಗಡಿಯಲ್ಲಿ ನೌಕರನೊಬ್ಬ ಚೀಸನ್ನು ಮೂಗಿಗೆ ತುರುಕಿ ಸ್ಯಾಂಡ್‌ವಿಚ್‌ಗೆ ಹಾಕಿದ. ಜೊತೆಗಿದ್ದವಳು ಅದನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದಳು.

ಕಂಪನಿ ಸುಮ್ಮನೆ ಕೂರಲಿಲ್ಲ. ನೋಡುಗರ ನೆರವಿನಿಂದ ಅಂಗಡಿ ಪತ್ತೆಯಾಯಿತು, ಇಬ್ಬರ ಕೆಲಸವೂ ಹೋಯಿತು. ಆದರೆ ಉತ್ತರಿಸಿದರೆ ಸುದ್ದಿ ಇನ್ನಷ್ಟು ಹಬ್ಬೀತೆಂದು ಸಾರ್ವಜನಿಕವಾಗಿ ಮಾತ್ರ ಬಾಯಿ ಬಿಡಲಿಲ್ಲ. ನೂರಾರು ಜನ ನೋಡಿದ ದೂರಿನ ಮಟ್ಟಿಗೆ ಈ ಲೆಕ್ಕ ಸರಿಯೇ. ಸಂಬಂಧವೇ ಇಲ್ಲದವರು ‘ಇದು ನಿಜವೇ?’ ಎಂದು ಕೇಳತೊಡಗಿದ ಮೇಲೆ ಮೌನವನ್ನು ಒಪ್ಪಿಗೆಯೆಂದೇ ಓದುತ್ತಾರೆ. ಎರಡೇ ದಿನದಲ್ಲಿ ವೀಕ್ಷಣೆ ಹತ್ತು ಲಕ್ಷದ ಹತ್ತಿರ ಬಂತು.

ಆಗ ಅಮೆರಿಕ ವಿಭಾಗದ ಅಧ್ಯಕ್ಷ ಪ್ಯಾಟ್ರಿಕ್ ಡಾಯ್ಲ್ ಯೂಟ್ಯೂಬಿನಲ್ಲೇ ಕ್ಷಮೆ ಕೇಳಿದರು. ಅಂಗಡಿ ಮುಚ್ಚಿ ಶುಚಿಗೊಳಿಸಿದ್ದನ್ನು, ನೇಮಕಾತಿಯನ್ನು ಮರುಪರಿಶೀಲಿಸುವುದನ್ನು ತಿಳಿಸಿದರು. ದೂರು ಹುಡುಕಿದವರಿಗೆ ಉತ್ತರವೂ ಅಲ್ಲೇ ಸಿಕ್ಕಿತು. ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ನೋಡುತ್ತ ಓದಿದರೆಂಬ ಟೀಕೆಯೂ ಬಂತು, ಅದು ಬೇರೆ ಮಾತು.

ಗ್ರಾಹಕರ ದೂರಾದರೆ ಒಂದು ಕೆಲಸ ಹೆಚ್ಚು: ಬಿಲ್ ಸಂಖ್ಯೆ, ಸಮಯ ಕೇಳಿ, ಅಡುಗೆಮನೆಯ ಸಿಸಿಟಿವಿ ದೃಶ್ಯವನ್ನು ಮೊದಲು ಕಾಪಿಟ್ಟುಕೊಳ್ಳಬೇಕು. ಕೆಲವು ದಿನಗಳಲ್ಲಿ ಅದು ತಾನಾಗಿ ಅಳಿಸಿಹೋಗುತ್ತದೆ.